ಮೂರನೇ ಸೆಮಿಸ್ಟರಿನಿಂದ ಶುರುವಾದ ಪದವಿ

ಹಾರೋಹಳ್ಳಿಯ ಗೇರ್ ಕಾರ್ಖಾನೆಯಿಂದ ಜರ್ಮನಿಯ ಘಟಕಕ್ಕೆ, ಇಲ್ಲಿರುವಂಥದೇ ಹೊಸ ಮಷೀನನ್ನು ಅಲ್ಲೂ ಶುರುಮಾಡಿಕೊಡಲು, ಒಬ್ಬರನ್ನು ಕಳಿಸಬೇಕಿತ್ತು. ಎಚ್‌ಆರ್ ಮ್ಯಾನೇಜರ್ ರಾಧಾಮಣಿ ಎರಡು ಮಾತಿಲ್ಲದೆ ಪ್ರತಿಮಾಳ ಹೆಸರು ಬರೆದಿದ್ದಳು. ಹೊಸ ಗ್ರೈಂಡಿಂಗ್ ಮಷೀನಿನ ಮುನಿಸು ಹೊಂಗನೂರಿನ ಆ ಹುಡುಗಿಗೆ ತಿಳಿದಷ್ಟು ಇನ್ಯಾರಿಗೆ ತಿಳಿದೀತು? ಎರಡನೇ ಹೆಸರು ಅಶೋಕನದು. ಒಳ್ಳೆಯವನೇ, ಆದರೆ ಮಷೀನು ಕೆಮ್ಮಿದರೆ ಪ್ರತಿಮಾಳನ್ನೇ ಕೂಗುವವನು.

ಬೆಳಿಗ್ಗೆ ಜರ್ಮನಿಯ ವೀಸಾ ವಕೀಲರ ಮೇಲ್ ಬಂತು. ಅಲ್ಲಿನ ಪದವಿ ಪಟ್ಟಿಯ ಪ್ರಕಾರ ಬಿಇ ಎಂದರೆ ನಾಲ್ಕು ವರ್ಷ. ಪ್ರತಿಮಾಳ ಅಂಕಪಟ್ಟಿ ಮೂರನೇ ಸೆಮಿಸ್ಟರಿನಿಂದ ಶುರುವಾಗುತ್ತದೆ, ಅಂದರೆ ಮೂರೇ ವರ್ಷ. ಅಲ್ಲಿನ ಪದವಿಗೆ ಇದು ಸಮ ಎನ್ನುವ ಸಮಾನತೆಯ ಪತ್ರವಿಲ್ಲದೆ ಕೆಲಸದ ಪರವಾನಗಿಗೆ ಅರ್ಜಿ ಹಾಕುವಂತಿಲ್ಲ.

ರಾಧಾಮಣಿಗೆ ರೇಗಿತು. ಪ್ರತಿಮಾಳನ್ನು ಕರೆಸಿದಳು.

"ಮೊದಲ ವರ್ಷ ಎಲ್ಲಿ ಹೋಯ್ತಮ್ಮ?"

"ನಾನು ಡಿಪ್ಲೊಮಾ ಮಾಡಿ, ಬಿಇಗೆ ಸೀದಾ ಎರಡನೇ ವರ್ಷಕ್ಕೆ ಸೇರ್ದೋಳು ಮೇಡಮ್."

"ಅಯ್ಯೋ, ಅದನ್ನ ಅರ್ಜೀಲಿ ಯಾಕೆ ಬರೀಲಿಲ್ಲ? ಜನವರೀಲೇ ಡಿಪ್ಲೊಮಾನೂ ಸೇರಿಸಿ ಕಳಿಸಿದ್ರೆ ಇಷ್ಟೊತ್ತಿಗೆ ಸಮಾನತೆ ಪತ್ರ ಬಂದಿರೋದು! ನಿಂಗೆ ಅಷ್ಟೂ ಗೊತ್ತಾಗಲ್ವಾ?"

ಪ್ರತಿಮಾ ನೆಲ ನೋಡಿದಳು. "ಫಾರಂನಾಗೆ ಪಿಯುಸಿ ಅಂತ ಇತ್ತು, ಡಿಪ್ಲೊಮಾಗೆ ಜಾಗ್ವೇ ಇರ್ಲಿಲ್ಲ. ನಿಮ್ಗೇ ಫೋನ್ ಮಾಡಿ ಕೇಳ್ದೆ. 'ಖಾಲಿ ಬಿಡು, ಡಿಗ್ರಿ ಇದ್ರೆ ಸಾಕು' ಅಂದ್ರಿ."

ರಾಧಾಮಣಿ ಹಾಗೆ ಅಂದಿದ್ದಳು, ಹೌದು. ಫಾರಂ ತಯಾರಿಸಿದವಳೂ ಅವಳೇ. ಪಿಯುಸಿ ಮುಗಿಸಿ ಕಾಲೇಜಿಗೆ ಹೋದ ತನ್ನಂಥವರೇ ಎಲ್ಲರೂ ಎಂದುಕೊಂಡು ಮಾಡಿದ್ದು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಇಷ್ಟು ಹೊತ್ತು ಪಕ್ಕದ ಎಲೆಯ ನೊಣ ತೋರಿಸುತ್ತಿದ್ದಳಲ್ಲ! ನಾಚಿಕೆಯಿಂದ ರಾಧಾಮಣಿಯ ಕಿವಿ ಬಿಸಿಯಾಯಿತು.

ಪ್ರತಿಮಾಳ ಎದುರಿಗೇ ಜರ್ಮನಿಯ ಘಟಕಕ್ಕೆ ಮೇಲ್ ಬರೆದಳು. ತಪ್ಪು ನನ್ನದು, ಪ್ರತಿಮಾಳದಲ್ಲ. ಡಿಪ್ಲೊಮಾ ಸೇರಿಸಿ ಮತ್ತೆ ಪರಿಶೀಲನೆಗೆ ಕಳಿಸುತ್ತೇವೆ, ಎರಡು ತಿಂಗಳು ಕಾಯಿರಿ.

ಮಧ್ಯಾಹ್ನ ಊಟದ ಬೆಲ್ ಹೊಡೆದ ಮೇಲೆ ಉತ್ತರ ಬಂತು. ಮಷೀನು ಮುಂದಿನ ತಿಂಗಳೇ ಶುರುವಾಗಬೇಕು, ಕಾಯಲಾಗದು. ಅಶೋಕನ ನಾಲ್ಕು ವರ್ಷದ ಪದವಿ, ಅವನ ಕಾಲೇಜು ಎರಡೂ ಪಟ್ಟಿಯಲ್ಲಿವೆ. ಅವನಿಗೆ ಬೇರೆ ಪತ್ರ ಬೇಡ, ಅವನನ್ನೇ ಕಳಿಸಿ.

ರಾಧಾಮಣಿ ತಾನೇ ಶಾಪ್ ಫ್ಲೋರಿಗೆ ಹೋಗಿ ವಿಷಯ ಹೇಳಿದಳು. ಪ್ರತಿಮಾ ಅತ್ತು ಬೈದುಬಿಟ್ಟಿದ್ದರೆ ರಾಧಾಮಣಿಯ ಮನಸ್ಸು ಒಸಿ ಹಗುರಾಗುತ್ತಿತ್ತು. ಅವಳು ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡಳು.

"ಅಶೋಕಂಗೆ ಈ ಮಷೀನು ಸರ್ಯಾಗಿ ಬರಾಕಿಲ್ಲ ಮೇಡಮ್," ಎಂದಳು. "ನಾಳೆಯಿಂದ ನಾನೇ ಹೇಳ್ಕೊಡ್ಲಾ?"

ಬೇಡ ಎನ್ನುವಂತಿರಲಿಲ್ಲ. ಹೇಳಿಕೊಡಲು ಇನ್ಯಾರೂ ಇರಲಿಲ್ಲ.

"ಹೇಳ್ಕೊಡಮ್ಮ," ಎಂದಳು ರಾಧಾಮಣಿ.