ಮಾದೇಶನ ಮಾತಿಗೆ ಕಾಯುವ ಕ್ಲಿಕ್ಕು

ಚಂದ್ರಲೇಖಾ ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ. ಆದರೆ ಬೇರೆಯವರ ಬಾಯಿಗೆ ಮಾತು ಬರೆದುಕೊಡುವುದೇ ಅವಳ ಕೆಲಸ. ಹೊಸೂರಿನ ಬಸ್ ನಿಲ್ದಾಣದ ಹಿಂದೆ, ಮೊಬೈಲ್ ಅಂಗಡಿಯ ಮಹಡಿಯ ಮೇಲಿದ್ದ ಅವಳು ಕೆಲಸಕ್ಕಿದ್ದ ಪುಟ್ಟ ಕಂಪನಿ ಗುಲಾಬಿ ಬೆಳೆಗಾರರಿಗೆಂದು ಒಂದು ಆ್ಯಪ್ ಮಾಡಿತ್ತು. ರೈತ ತಂದ ಹೂವಿನ ದರ್ಜೆ, ಬಂಚುಗಳ ಲೆಕ್ಕ ತುಂಬಿಸಿದರೆ ಅವನ ಫೋನಿಗೆ ಮೆಸೇಜು ಹೋಗುತ್ತದೆ. ಬಾಗಲೂರು ಕಡೆಯ ಬೆಳೆಗಾರರ ಸಂಘ, ‘ಬಂದು ಕಣ್ಣೆದುರು ತೋರಿಸಿ, ಆಮೇಲೆ ಮಾತು’ ಎಂದಿತ್ತು.

ಆ ದಿನ ಹೇಳಬೇಕಾದ್ದನ್ನು ಬರೆಯಲು ಚಂದ್ರಲೇಖಾ ಒಂದು ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಮಾತು, ಬಲಕ್ಕೆ ಕ್ಲಿಕ್ಕು ಬರೆದಳು. ಏನು ಕಾಣಲಿದೆ ಎಂದು ಮೊದಲು ಹೇಳಬೇಕು, ಆಮೇಲೆ ಒತ್ತಬೇಕು, ಪರದೆ ತೆರೆದುಕೊಳ್ಳುವ ತನಕ ಸುಮ್ಮನಿರಬೇಕು. ಮಾತು ಮುಂದೋಡಿದರೆ ಜನ ಹಳೆಯ ಪರದೆಯನ್ನೇ ನೋಡುತ್ತಿರುತ್ತಾರೆ. ಕ್ಲಿಕ್ಕು ಮುಂದೋಡಿದರೆ ಕಿವಿಗೊಂದು, ಕಣ್ಣಿಗೊಂದು.

ಮೌಸ್ ಹಿಡಿದು ಒತ್ತುವವಳು ಅವಳು, ಮಾತಾಡಬೇಕಾದವನು ಮಾದೇಶ. ಅಂಚೆಟ್ಟಿ ಕಡೆಯವನು, ಆ ಆ್ಯಪನ್ನು ಕಟ್ಟಿದವನೂ ಅವನೇ. ಅವನಿಗೆ ಮಾತು ತೊಡರುತ್ತಿತ್ತು. ಕೆಲವು ಅಕ್ಷರ ಬಂದರೆ ತುಟಿ ಅಂಟಿಕೊಂಡುಬಿಡುತ್ತಿತ್ತು. ‘ಮಾಡಿದವನೇ ಹೇಳಬೇಕು’ ಎಂದು ಸಂಘದವರು ಪಟ್ಟು ಹಿಡಿದಿದ್ದರಿಂದ ಮಾಲೀಕ ಹರಿಕೃಷ್ಣನಿಗೂ ಬೇರೆ ದಾರಿ ಇರಲಿಲ್ಲ. ಇದೊಂದು ಸಲ ನೆಟ್ಟಗೆ ನಡೆಯದಿದ್ದರೆ ಇನ್ನೆಂದೂ ತಾನು ಜನರ ಮುಂದೆ ನಿಲ್ಲುವುದಿಲ್ಲ ಎಂದು ಮಾದೇಶ ಚಂದ್ರಲೇಖಾಳ ಹತ್ತಿರ ಮಾತ್ರ ಹೇಳಿದ್ದ.

ಅವಳು ಒಳಗೊಳಗೇ ಒಂದು ಉಪಾಯ ಹೂಡಿದಳು. ಅವನಿಗೆ ಕಷ್ಟವಾಗುವ ಮಾತುಗಳನ್ನೆಲ್ಲ ತೆಗೆದು ಸುಲಭದವನ್ನು ಇಟ್ಟಳು. ಅಭ್ಯಾಸದ ದಿನ ಅವನು ಪುಟ ಓದುತ್ತ ನಕ್ಕ.

“ಏನ್ರೀ ಇದು, ಬಂಚು ಎಲ್ಲೋಯ್ತು? ‘ಹೂವಿನ ಕಟ್ಟು’ ಅಂತ ಬರ್ದಿದ್ದೀರ!”

“ಎರಡೂ ಒಂದೇ ಅಲ್ವಾ?”

“ಮಂಡೀಲಿ ಹಂಗಂದ್ರೆ ನಗ್ತಾರೆ. ಅವ್ರ ಮಾತೇ ನಂಗೆ ಬರಲ್ಲ ಅಂದ್ರೆ, ಇವ್ನಿಗೆ ಹೂವಿನ ಕೆಲ್ಸ ಗೊತ್ತಿಲ್ಲ ಅಂತಾರೆ. ಬಂಚೇ ಇರ್ಲಿ.”

ಇಟ್ಟಳು. ಓದುವಾಗ ಅವನು ಸರಿಯಾಗಿ ಅಲ್ಲೇ ಸಿಕ್ಕಿಕೊಂಡ. ಅವಳಿಗೆ ತಡೆಯಲಾಗಲಿಲ್ಲ; ಪರದೆಯಾದರೂ ಅವನ ಬದಲು ಮಾತಾಡಲಿ ಎಂದು ಒತ್ತಿಬಿಟ್ಟಳು. ಲೆಕ್ಕದ ಪುಟ ಹೋಗಿ ಮೆಸೇಜಿನ ಪುಟ ಬಂತು. ಅವನ ಬಾಯಲ್ಲಿ ಆ ಮಾತು ಇನ್ನೂ ಅರ್ಧದಲ್ಲಿತ್ತು.

“ನನ್ ಮಾತು ನೀವು ಮುಗಿಸ್ಬೇಡಿ,” ಎಂದ. ಸಿಟ್ಟಿನ ದನಿಯಲ್ಲ, ಅದೇ ಅವಳಿಗೆ ಹೆಚ್ಚು ನಾಟಿತು. ಅಭ್ಯಾಸಕ್ಕೆಂದು ಹಾಕಿದ್ದ ಸುಳ್ಳು ಲೆಕ್ಕವನ್ನೆಲ್ಲ ಅಳಿಸಿ, ಮೊದಲಿನಿಂದ ಶುರು ಮಾಡಿದಳು.

ಡೆಮೊ ದಿನ ಸಂಘದ ಶೆಡ್ಡಿನಲ್ಲಿ ಹಸಿ ಎಲೆಯ ವಾಸನೆ. ಗೋಡೆಗೆ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರ್ ಬಿಟ್ಟಿದ್ದರು. ಅಧ್ಯಕ್ಷ ಮುತ್ತರಾಯಪ್ಪ ಮುಂದಿನ ಕುರ್ಚಿಯಲ್ಲಿ ಕೂತು, “ಶುರು ಮಾಡಪ್ಪ, ಹೂವು ಬಾಡೋಕ್ ಮುಂಚೆ,” ಎಂದರು. ಜನ ನಕ್ಕರು. ಅಧ್ಯಕ್ಷರದೇ ಫೋನ್ ನಂಬರು ಹಾಕಿಕೊಂಡು ಮಾದೇಶ ಶುರು ಮಾಡಿದ.

ರೈತನ ಹೆಸರು, ಕ್ಲಿಕ್ಕು. ದರ್ಜೆ, ಕ್ಲಿಕ್ಕು. ಮಾತೂ ಕ್ಲಿಕ್ಕೂ ಕೈ ಹಿಡಿದುಕೊಂಡಂತೆ ಹೋದವು.

“ಈಗ ಎಷ್ಟು ಬ... ಬ...”

ನಿಂತಿತು. ಶೆಡ್ಡಿನಲ್ಲಿ ಯಾರೋ ಕೆಮ್ಮಿದರು. ಹಿಂದಿನ ಸಾಲಿನಿಂದ ಅಶ್ವತ್ಥಮ್ಮ ಎಂಬ ಬೆಳೆಗಾರ್ತಿ ಕನಿಕರದಿಂದ, “ಬಂಚು ಅನ್ನು ಮಗ,” ಎಂದರು. ಹರಿಕೃಷ್ಣ ಚಂದ್ರಲೇಖಾಳ ಕಿವಿಯ ಹತ್ತಿರ, “ಒತ್ತಮ್ಮ, ಮುಂದಕ್ಕೆ ಹೋಗು,” ಎಂದು ಪಿಸುಗುಟ್ಟಿದ.

ಅವಳ ಬೆರಳು ಮೌಸಿನ ಮೇಲಿತ್ತು. ಒತ್ತಲಿಲ್ಲ. ಪರದೆಯ ಬಾಣವನ್ನು ಮೆಲ್ಲಗೆ ಒಯ್ದು ಲೆಕ್ಕ ತುಂಬಿಸುವ ಚೌಕದ ಸುತ್ತ ಒಮ್ಮೆ ಸುತ್ತಿಸಿ, ಅದರೊಳಗೆ ನಿಲ್ಲಿಸಿದಳು. ಎಲ್ಲರ ಕಣ್ಣು ಮಾದೇಶನ ಬಾಯಿಯಿಂದ ಆ ಚೌಕಕ್ಕೆ ಹೋಯಿತು.

“...ಬಂಚು ಅಂತ ಇಲ್ಲಿ ಹಾಕ್ತೀವಿ,” ಎಂದ ಮಾದೇಶ. ಅವಳು ಲೆಕ್ಕ ಹಾಕಿ ಒತ್ತಿದಳು. ಸ್ವಲ್ಪ ಹೊತ್ತಿಗೆ ಮುತ್ತರಾಯಪ್ಪನವರ ಜೇಬು ಗುಂಯ್ ಎಂದಿತು.

ಅವರು ಫೋನನ್ನು ದೂರ ಹಿಡಿದು ಓದಿದರು. “ಬಂತು ಕಣ್ರಪ್ಪ! ಅದ್ಸರಿ ಮಾದೇಶ, ನಮ್ಮೂರ್ನಾಗೆ ಟವರ್ ಹೋಗ್ಬುಟ್ರೆ? ಆವಾಗೇನ್ ಮಾಡ್ತೀಯಲಾ?”

ಇದು ಪುಟದಲ್ಲೇ ಇರಲಿಲ್ಲ. ಹರಿಕೃಷ್ಣ ಗಡಿಬಿಡಿಯಿಂದ ಚಂದ್ರಲೇಖಾಳ ಕಡೆ ನೋಡಿದ. ಮಾದೇಶ ಮಾತ್ರ ಪುಟವನ್ನು ಮಡಿಸಿ ಜೇಬಿಗಿಟ್ಟು, ಜನರ ಕಡೆ ತಿರುಗಿದ.

“ಹೋಗ್ಲಿ ಬಿಡಿ ಅಣ್ಣ. ನೆಟ್ ಆಫ್ ಮಾಡ್ತೀವಿ, ನೋ... ನೋಡಿ.”

ಚಂದ್ರಲೇಖಾ ಆ ಮಾತು ಮುಗಿದ ಮೇಲೆ ನೆಟ್ ಆಫ್ ಮಾಡಿದಳು. ಅವನು ಹೇಳುತ್ತ ಹೋದಂತೆ ಇನ್ನೊಬ್ಬ ರೈತನ ಲೆಕ್ಕ ತುಂಬಿಸಿದಳು. ಪರದೆಯ ಮೂಲೆಯಲ್ಲಿ ‘ಕಾಯುತ್ತಿದೆ’ ಎಂದು ಮೂಡಿತು. “ಲೆಕ್ಕ ಇಲ್ಲೇ ಕೂತಿರ್ತದೆ, ಎಲ್ಲೂ ಓಡೋಗಲ್ಲ,” ಎಂದ ಅವನು. ಎರಡು ಕಡೆ ತೊಡರಿದ. ಅವಳು ಎರಡು ಕಡೆಯೂ ಕಾದಳು. ನೆಟ್ ಮತ್ತೆ ಹಾಕಿದಾಗ ‘ಹೋಯಿತು’ ಎಂದು ಬಂತು.

ಅಶ್ವತ್ಥಮ್ಮ ಎದ್ದು ನಿಂತು ತಮ್ಮ ಮನೆಮಾತು ತೆಲುಗಿನಲ್ಲಿ ಲೆಕ್ಕದ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಿದರು. ಮಾದೇಶ ತೆಲುಗಿನಲ್ಲೇ ಉತ್ತರಕ್ಕೆ ತೊಡಗಿದ, ನಿಧಾನವಾಗಿ, ಆಗಾಗ ಸಿಕ್ಕಿಕೊಳ್ಳುತ್ತ, ಹೆದರಿಕೆ ಇಲ್ಲದೆ. ಚಂದ್ರಲೇಖಾ ಬಾಣವನ್ನು ಅವನ ಮಾತಿನ ಹಿಂದೆ ಹಿಂದೆಯೇ ನಡೆಸಿಕೊಂಡು ಹೋದಳು.