ಹದಿನಾಲ್ಕರ ಪಾಳಿ

ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕಬ್ಬಿನ ಹಾಲು ಪರೀಕ್ಷಿಸುವ ರಾಜಶ್ರೀ, ತೇರದಾಳದಲ್ಲಿ ಬಸುರಿ ತಂಗಿಯ ಕುಬಸವಿದೆಯೆಂದು ಪಾಳಿ ಬದಲಿಸಲು ಅರ್ಜಿ ಬರೆದಳು. ತಂಗಿ ಉಡುವ ಸೀರೆಯ ಬಣ್ಣವೂ ಅದರಲ್ಲಿತ್ತು. ಮ್ಯಾನೇಜರ್ ಶಿವಯೋಗಿ ಓದಿ ಕನ್ನಡಕ ತೆಗೆದರು.

"ಸೀರಿ ಛಲೋ ಐತಿ. ನಿಮ್ಮ ಬದ್ಲಿ ಯಾರ ಬರ್ತಾರ?"

"ಕಾಂಚನಾ ಬರ್ತಾಳ್ರೀ. ಹೂಂ ಅಂದಾಳ."

"ಆಕಿ ಹೂಂ ಅಂದದ್ದು ನಮ್ಮ ಹಾಜರಿ ಬುಕ್ಕಿಗಿ ಕೇಳೂದಿಲ್ಲ. ತಾರೀಖು ಹಾಕಿ ಬರೀರಿ, ಇಬ್ಬರೂ ಸಹಿ ಮಾಡ್ರಿ."

ರಾಜಶ್ರೀ ಮೂಗು ಮುರಿಯುತ್ತಲೇ ಹೊಸ ಹಾಳೆ ತೆಗೆದಳು: 'ಹದಿನಾಲ್ಕರ ನನ್ನ ಮೊದಲ ಪಾಳಿಯನ್ನು ಕಾಂಚನಾ ಮಾಡುವರು. ಹದಿನಾರರ ಅವರ ಎರಡನೇ ಪಾಳಿಯನ್ನು ನಾನು ಮಾಡುವೆ. ಒಪ್ಪಿಕೊಂಡವರು ಬಾರದಿದ್ದರೆ ಗೈರು ಅವರದೇ. ದಯವಿಟ್ಟು ಅನುಮತಿ ನೀಡಬೇಕು.'

ನಗುತ್ತ ಸಹಿಗೆ ಬಂದ ಕಾಂಚನಾಳ ಪೆನ್ನು ತಾರೀಖಿನ ಹತ್ತಿರ ನಿಂತುಬಿಟ್ಟಿತು.

"ಅಯ್ಯ, ಹದಿನಾಲ್ಕಕ್ಕ ನಾನೂ ತೇರದಾಳಕ್ಕ ಬರಾಕಿ ಅಲ್ಲೇನಬೇ? ನೀನ ಕರದೀಯಲ್ಲ!"

ಹೌದು, ರಾಜಶ್ರೀ ಲ್ಯಾಬಿನವರನ್ನೆಲ್ಲ ಕುಬಸಕ್ಕೆ ಕರೆದಿದ್ದಳು. ಜಗಳವಾಡಿ ಎರಡು ತಿಂಗಳಿಂದ ಮಾತು ಬಿಟ್ಟಿದ್ದ ಅರುಣನೊಬ್ಬನನ್ನು ಮಾತ್ರ ಕರೆದಿರಲಿಲ್ಲ.

ರಾಜಶ್ರೀ ಕಾಂಚನಾಳ ಹೆಸರು ಹೊಡೆದುಹಾಕಿ, ಹಾಳೆ ಹಿಡಿದು ಅರುಣನ ಮೇಜಿನ ಮುಂದೆ ನಿಂತಳು.

"ಅಣ್ಣಾರ, ಚಹಾ ಆತೇನ್ರೀ?"