ಅಪ್ಪ ಕಚ್ಚಿಟ್ಟ ರೊಟ್ಟಿ

ಗಣಿತ ಪುಸ್ತಕದಲ್ಲಿದ್ದ ಆ ಕೇಕಿನ ಚಿತ್ರ ಕಂಡರೆ ಸಬೋಹತ್ ಟೀಚರಿಗೆ ಮೈಯೆಲ್ಲ ಉರಿಯುತ್ತಿತ್ತು. ಭಿನ್ನರಾಶಿ ಅಂದರೆ ಸಾಕು, ಒಂದು ಕೇಕು! ನಮಂಗಾನ್ ಕಡೆಯ ಈ ಹಳ್ಳಿಯಲ್ಲಿ ಯಾವ ಮಗು ದಿನಾ ಕೇಕ್ ಹಂಚಿಕೊಂಡು ತಿನ್ನುತ್ತೆ? ಇಲ್ಲಿ ಹಂಚುವುದು ತಂದೂರಿನ ದುಂಡು ರೊಟ್ಟಿಯನ್ನು, ಅದೂ ಚಾಕು ಮುಟ್ಟಿಸದೆ, ಕೈಯಲ್ಲಿ ಮುರಿದು.

ಜಿಲ್ಲೆಯಿಂದ ತುರ್ಗುನೋವ್ ಎಂಬ ಪರೀಕ್ಷಕರು ಪಾಠ ನೋಡಲು ಬರುವವರಿದ್ದರು. ಅವರು ಮೆಚ್ಚಿದರೆ ಸಬೋಹತ್‌ಗೆ ಮೇಲಿನ ದರ್ಜೆ. ಇಲ್ಲದಿದ್ದರೆ ಅವಳ ಮೂರನೇ ತರಗತಿ ಹೆಡ್‌ಮಾಸ್ಟರ ಸೊಸೆಯ ಪಾಲು. ಆ ಪುಣ್ಯಾತ್ಗಿತ್ತಿ ಆಗಲೇ ಬಂದು ಕಿಟಕಿ ಪರದೆಗೆ ಅಳತೆ ತೆಗೆದುಕೊಂಡು ಹೋಗಿದ್ದಳು!

ಸಬೋಹತ್ ಹಟಕ್ಕೆ ಬಿದ್ದು ಪಾಠದ ಮೊದಲ ಹತ್ತು ನಿಮಿಷವನ್ನು ತಿದ್ದಿ ತೀಡಿದಳು. ಮೊದಲು ತಾನೇ ಒಂದು ರೊಟ್ಟಿಯನ್ನು ಬೇಕೆಂತಲೇ ವಾರೆಯಾಗಿ ಮುರಿದು, 'ತಗೋ, ನಿಂಗರ್ಧ ನಂಗರ್ಧ' ಅನ್ನಬೇಕು. ಮಕ್ಕಳು ಸುಮ್ಮನಿರುತ್ತವೆಯೇ? ಮೋಸ ಮೋಸ ಎಂದು ಕೂಗಬೇಕು. ಮೋಸ ಯಾಕೆ ಅಂತ ಅವರ ಬಾಯಿಂದಲೇ ಬರಬೇಕು. ಆಮೇಲೆ ನಾಲ್ಕು ನಾಲ್ಕು ಮಕ್ಕಳಿಗೆ ಒಂದು ರೊಟ್ಟಿ: ನಾಲ್ವರಿಗೂ ಸಮ ಬರುವಂತೆ ಮುರಿದು, ತುಂಡಿನ ಮೇಲೆ ತುಂಡಿಟ್ಟು ನೋಡಬೇಕು. 'ನಾಲ್ಕನೇ ಒಂದು' ಎಂದು ಕರಿಹಲಗೆಯ ಮೇಲೆ ಬರೆಯುವುದು ಕೊನೆಗೆ. ಮೊದಲೇ ಬರೆದರೆ ಮಕ್ಕಳು ತಲೆ ಮುಚ್ಚಿಟ್ಟು ಪೆನ್ಸಿಲ್ ತೆಗೆಯುತ್ತವೆ ಅಂತ ಅವಳಿಗೆ ಗೊತ್ತಿತ್ತು.

ಪ್ರತಿ ಗುಂಪಿನಿಂದ ಒಬ್ಬರು ಮನೆಯಿಂದ ರೊಟ್ಟಿ ತರಬೇಕು ಎಂದು ಹೇಳಿ ಕಳಿಸಿದಳು.

ಆ ದಿನ ಶುರುವಾದದ್ದೇನೋ ಹಬ್ಬದ ಹಾಗೆ. ಅವಳು ವಾರೆಯಾಗಿ ಮುರಿದ ಕೂಡಲೇ ಇಡೀ ತರಗತಿ ಮೇಲೆದ್ದಿತು. "ಅಯ್ಯೋ ಓಪಾ, ನೀವು ದೊಡ್ಡದು ಇಟ್ಕೊಂಡ್ರಿ! ಅದು ಅರ್ಧ ಅಲ್ವೇ ಅಲ್ಲ!" ಓಪಾ ಅಂದರೆ ಅಕ್ಕ, ಮಕ್ಕಳು ಟೀಚರನ್ನು ಕರೆಯುವುದೇ ಹಾಗೆ. ಹಿಂದಿನ ಬೆಂಚಿನಲ್ಲಿ ತುರ್ಗುನೋವ್ ನಕ್ಕರು. ಸಬೋಹತ್‌ಗೆ ಜೀವ ಬಂದಂತಾಯಿತು.

ಆಗ ಒಂದು ಗುಂಪಿನ ಹುಡುಗಿ ಸಾಯ್ಯೋರಾ ತಾನು ತಂದ ಬಟ್ಟೆಯ ಗಂಟು ಬಿಚ್ಚಿದಳು.

ಕಲ್ಲಿನಂತೆ ಒಣಗಿದ ರೊಟ್ಟಿ. ಅಂಚಿನಲ್ಲಿ ಕಚ್ಚಿದ ಗುರುತು. ಸಬೋಹತ್‌ಗೆ ಅದೇನೆಂದು ಕೂಡಲೇ ಗೊತ್ತಾಯಿತು. ಇಲ್ಲಿನ ವಾಡಿಕೆಯಂತೆ ದೂರ ಹೋಗುವವನು ರೊಟ್ಟಿಯನ್ನು ಒಂದು ತುತ್ತು ಕಚ್ಚಿ ಹೊರಡುತ್ತಾನೆ. ಉಳಿದದ್ದನ್ನು ಮನೆಯವರು ಗೋಡೆಗೆ ತೂಗುಹಾಕಿ ಕಾಯುತ್ತಾರೆ. ಬಂದು ಅವನೇ ತಿನ್ನಬೇಕು. ಸಾಯ್ಯೋರಾಳ ಅಪ್ಪ ಕೆಲಸಕ್ಕೆಂದು ರಷ್ಯಾಕ್ಕೆ ಹೋಗಿ ವರ್ಷಗಳೇ ಆಗಿದ್ದವು. ಅಲ್ಲಿ ಅವನಿಗೆ ಬೇರೆ ಹೆಂಡತಿ, ಬೇರೆ ಮಗು ಇರುವುದು ಊರಿಗೆಲ್ಲ ಗೊತ್ತಿತ್ತು.

"ಓಪಾ, ನಮ್ದು ಇಡೀ ರೊಟ್ಟಿ ಅಲ್ಲ," ಹುಡುಗಿ ಕೇಳಿದಳು. "ಒಂದು ತುತ್ತು ಅಪ್ಪ ತಿಂದಿದಾರೆ. ಇದನ್ನ ನಾಲ್ಕು ಪಾಲು ಮಾಡಿದ್ರೆ, ಅದೂ ಕಾಲೇನಾ?"

"ಭೇಷ್!" ಎಂದರು ತುರ್ಗುನೋವ್. "ಇಂಥ ಪ್ರಶ್ನೆ ಹುಟ್ಲಿ ಅಂತ ತಾನೇ ಈ ಹತ್ತು ನಿಮಿಷ! ಮುಂದುವರಿಸಿ ಟೀಚರ್."

ಉತ್ತರ ಸಬೋಹತ್‌ಳ ನಾಲಿಗೆಯ ತುದಿಯಲ್ಲೇ ಇತ್ತು. ಉಳಿದದ್ದನ್ನೇ ಒಂದು ಅಂದುಕೊಂಡರೆ ಅದರ ಕಾಲು ಕಾಲೇ. ಮೊದಲಿನ ಇಡೀ ರೊಟ್ಟಿಯ ಕಾಲು ಮಾತ್ರ ಅಲ್ಲ. ಇದಕ್ಕಿಂತ ಒಳ್ಳೆಯ ಆರಂಭ ಯಾವ ಟೀಚರಿಗೆ ಸಿಕ್ಕೀತು? ಆದರೆ ಪಕ್ಕದ ಹುಡುಗ ಆಗಲೇ ಎರಡೂ ಕೈಯಲ್ಲಿ ರೊಟ್ಟಿ ಹಿಡಿದು ಬಗ್ಗಿಸುತ್ತಿದ್ದ.

"ಬಿಡೋ ಅದನ್ನ!" ಸಬೋಹತ್ ಚೀರಿದಳು.

ಓಡಿ ಬಂದು ಕಿತ್ತುಕೊಂಡಳು. ಮಗು ಅಮ್ಮನಿಗೆ ಹೇಳದೆ ತಂದಿದೆ, ಪಾಪ, ಮನೆಯಲ್ಲಿ ಇನ್ನೇನು ರಂಪವಾಗುತ್ತೋ! ಸಾಯ್ಯೋರಾ ಅಳಲು ಶುರುಮಾಡಿದಳು, ಉಳಿದ ಗುಂಪಿನವರು ಸಿಕ್ಕಿದಂತೆ ಮುರಿದು ತಿಂದು ಮುಗಿಸಿದರು. ಕರಿಹಲಗೆ ಖಾಲಿಯೇ ಉಳಿಯಿತು. ತುರ್ಗುನೋವ್ ಹೊರಡುವಾಗ ಇಷ್ಟೇ ಹೇಳಿದರು: "ರೊಟ್ಟಿ ತರ್ಸಿದ್ರಿ, ಪಾಠ ಮಾತ್ರ ಆಗ್ಲಿಲ್ಲ." ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ತಲೆಯಾಡಿಸಿದರು.

ಹೋಗಲಿ, ದರ್ಜೆ ಹಾಳಾಗಲಿ, ಒಂದು ಮನೆಯ ಆಸೆಯಾದರೂ ಉಳಿಯಿತಲ್ಲ ಎಂದುಕೊಂಡು ಸಬೋಹತ್ ಸಂಜೆ ರೊಟ್ಟಿಯನ್ನು ಎದೆಗೊತ್ತಿಕೊಂಡು ಸಾಯ್ಯೋರಾಳ ಮನೆಗೆ ಹೋದಳು. ತಾಯಿ ಹುರಿಯತ್ ತಂದೂರಿನ ಮುಂದೆ ಕೂತಿದ್ದಳು.

"ತಗೋಮ್ಮ, ಏನೂ ಆಗಿಲ್ಲ. ಮಗೂನ ಬೈಬೇಡ, ತಿಳೀದೆ ತಂದಿದೆ."

ಹುರಿಯತ್ ಕೈ ಚಾಚಲಿಲ್ಲ. "ಅವ್ಳು ಎಲ್ಲಿ ತಂದ್ಳು ಓಪಾ? ನಾನೇ ಇಳಿಸಿ, ಬಟ್ಟೇಲಿ ಕಟ್ಟಿ ಕೊಟ್ಟೆ."

"ನೀನಾ?"

"ಎಷ್ಟು ಸಲ ಕೈಗೆತ್ಕೊಂಡೆ, ನನ್ನಿಂದ ಮುರಿಯೋಕಾಗ್ಲಿಲ್ಲ. ಶಾಲೇಲಿ ಮುರೀತಾರಂತೆ ಅಂದ್ಳು ಮಗು. ಸರಿ, ಮಕ್ಳ ಕೈಲಾದ್ರೂ ಮುರೀಲಿ, ಹಂಚ್ಕೊಂಡು ತಿಂದು ಮುಗಿಸ್ಲಿ ಅಂತ ಕಳಿಸ್ದೆ." ಅವಳು ತಲೆಯೆತ್ತಿ ಟೀಚರನ್ನೇ ನೋಡಿದಳು. "ಅವ್ಳನ್ನ ಒಂದ್ಮಾತು ಕೇಳಬಾರ್ದಿತ್ತಾ? ಮಕ್ಳ ಬಾಯಿಂದ ಮಾತು ಬರ್ಸೋ ಟೀಚರಂತೆ ನೀವು!"

ಸಬೋಹತ್ ಅವಳ ಪಕ್ಕದಲ್ಲೇ ಕೂತು ರೊಟ್ಟಿಯನ್ನು ಮುಂದೆ ಹಿಡಿದಳು. "ಈಗ ಮುರಿಯೋಣ. ಇಬ್ರೂ ಸೇರಿ."

"ಬೇಡ. ಬೆಳಿಗ್ಗೆ ಇದ್ದ ಗಟ್ಟಿ ಮನಸ್ಸು ಈಗಿಲ್ಲ."

ಹುರಿಯತ್ ಎದ್ದು ರೊಟ್ಟಿ ಇಸಿದುಕೊಂಡಳು. ಬೆಳಿಗ್ಗೆ ಗೋಡೆಯಿಂದ ಕಿತ್ತು ಬಿಸಾಡಿದ್ದ ಮೊಳೆಯನ್ನು ಅಂಗಳದಲ್ಲಿ ಹುಡುಕಿ ತಂದು, ಅದೇ ತೂತಿಗೆ ಇಟ್ಟು ಕಲ್ಲಿನಿಂದ ಹೊಡೆಯತೊಡಗಿದಳು. ಸಾಯ್ಯೋರಾ ರೊಟ್ಟಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು.